ಮುಳುಗುವುದಕ್ಕಿಂತ ನಡುನೀರಿನಲ್ಲಿ ನಿಲ್ಲುವುದೇ ಕಷ್ಟ

ವಿಶಾಖಪಟ್ಟಣದ ರಾಮಕೃಷ್ಣ ಬೀಚಿಗೆ ಹೋದವರು ಐಎನ್‌ಎಸ್ ಕುರ್ಸುರಾದ ಒಳಗೆ ಒಂದು ಸುತ್ತು ಹಾಕದೆ ಬರುವುದು ಕಡಿಮೆ. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ನಮ್ಮ ನೌಕಾಪಡೆಗೆ ಬಂದ ಈ ಸಬ್‌ಮರೀನು 1971ರ ಯುದ್ಧಕಾಲದಲ್ಲಿ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿತ್ತು. 2001ರಲ್ಲಿ ನಿವೃತ್ತಿಯಾಯಿತು. ಮರುವರ್ಷ ಅದನ್ನು ದಡಕ್ಕೆ ಎಳೆದು ತಂದು ಮ್ಯೂಸಿಯಂ ಮಾಡಿದರು. 91 ಮೀಟರ್ ಉದ್ದದ ಆ ಉಕ್ಕಿನ ಕೊಳವೆಯೊಳಗೆ ಬಗ್ಗಿಕೊಂಡು ನಡೆಯುವ ಜನ ಟಾರ್ಪೆಡೊಗಳ ಮುಂದೆ ನಿಲ್ಲುತ್ತಾರೆ, ಇಕ್ಕಟ್ಟಾದ ಮಲಗುವ ಹಲಗೆಗಳನ್ನು ಕಂಡು ಬೆರಗಾಗುತ್ತಾರೆ. ನಡುವಿನ ಕೋಣೆಯ ಗೋಡೆಗಳ ತುಂಬ ಒತ್ತೊತ್ತಾಗಿ ಜೋಡಿಸಿರುವ ವಾಲ್ವುಗಳನ್ನೂ ಗಾಲಿಗಳನ್ನೂ ಮಾತ್ರ ಬೇಗ ದಾಟಿಬಿಡುತ್ತಾರೆ. ಆ ಇಡೀ ಯಂತ್ರ ಸಮುದ್ರದೊಳಗೆ ಹೋಗಿ ಮರಳಿ ಬರುತ್ತಿದ್ದದ್ದು ಆ ವಾಲ್ವುಗಳ ಬಲದಿಂದ.

ಕುರ್ಸುರಾ ಸೇರಿದ ಫಾಕ್ಸ್‌ಟ್ರಾಟ್ ವರ್ಗದ ಸಬ್‌ಮರೀನುಗಳಿಗೆ ಎರಡು ತೂಕ ಹೇಳುತ್ತಾರೆ. ನೀರಿನ ಮೇಲೆ ತೇಲುವಾಗ ಸುಮಾರು 1,950 ಟನ್. ಮುಳುಗಿದಾಗ ಸುಮಾರು 2,475 ಟನ್. ಎರಡರ ನಡುವಿನ ವ್ಯತ್ಯಾಸ ಐನೂರು ಟನ್ನಿಗೂ ಹೆಚ್ಚು. ಅದು ಸಬ್‌ಮರೀನು ಮುಳುಗುವಾಗ ಒಳಗೆ ಬಿಟ್ಟುಕೊಳ್ಳುವ ಸಮುದ್ರದ ನೀರು.

ಇಷ್ಟು ಹೇಳಿದರೆ ಸಾಮಾನ್ಯವಾಗಿ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ಸ್ವಲ್ಪ ನೀರು ತುಂಬಿಸಿಕೊಂಡರೆ ಸಬ್‌ಮರೀನು ಸ್ವಲ್ಪ ಕೆಳಗಿಳಿಯುತ್ತದೆ, ಇನ್ನಷ್ಟು ತುಂಬಿಸಿದರೆ ಇನ್ನಷ್ಟು ಆಳಕ್ಕೆ ಹೋಗುತ್ತದೆ, ಹೊರಹಾಕಿದಷ್ಟೂ ಮೇಲೇರುತ್ತದೆ ಎಂಬ ಚಿತ್ರ. ಶಾಲೆಯ ಪಾಠಗಳಲ್ಲಿ ಬರುವುದೂ ಹೆಚ್ಚುಕಡಿಮೆ ಹೀಗೆಯೇ. ನಿಜವಾದ ಸಬ್‌ಮರೀನು ಹೀಗೆ ನಡೆಯುವುದಿಲ್ಲ. ಹೀಗೆ ನಡೆಸಲು ಹೊರಟರೆ ಅದು ತಳ ಸೇರುತ್ತದೆ, ಇಲ್ಲವೇ ಚಿಮ್ಮಿಕೊಂಡು ಮೇಲೆ ಬರುತ್ತದೆ. ನಡುವೆ ಎಲ್ಲೂ ನಿಲ್ಲುವುದಿಲ್ಲ.

ಕಾರಣ ತಿಳಿಯಲು ಮೊದಲು ಆ ಐನೂರು ಟನ್ ನೀರು ಎಲ್ಲಿರುತ್ತದೆ ಎಂದು ನೋಡಬೇಕು. ಕುರ್ಸುರಾದಂಥ ಸಬ್‌ಮರೀನಿಗೆ ಎರಡು ಮೈಗಳಿವೆ. ಜನ, ಎಂಜಿನ್, ಬ್ಯಾಟರಿ ಎಲ್ಲ ಇರುವುದು ಒಳಗಿನ ದಪ್ಪ ಉಕ್ಕಿನ ಕೊಳವೆಯಲ್ಲಿ. ಅದಕ್ಕೆ ಪ್ರೆಷರ್ ಹಲ್ ಎನ್ನುತ್ತಾರೆ. ಸಮುದ್ರದ ಒತ್ತಡವನ್ನು ತಾಳಬೇಕಾದದ್ದು ಅದೇ. ಅದರ ಹೊರಗೆ ತೆಳು ತಗಡಿನ ಇನ್ನೊಂದು ಕವಚ. ಇವೆರಡರ ನಡುವಿನ ಜಾಗವನ್ನು ಕೋಣೆಕೋಣೆಯಾಗಿ ವಿಂಗಡಿಸಿರುತ್ತಾರೆ. ಇವೇ ಮುಖ್ಯ ಬ್ಯಾಲಾಸ್ಟ್ ಟ್ಯಾಂಕುಗಳು.

ಚೊಂಬನ್ನು ಬೋರಲು ಹಿಡಿದು ಬಕೆಟ್ಟಿನ ನೀರಿಗೆ ಒತ್ತಿದರೆ ಒಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಅದು ಕೈಯನ್ನೇ ಮೇಲಕ್ಕೆ ತಳ್ಳುತ್ತದೆ. ಚೊಂಬಿನ ತಳದಲ್ಲಿ ಒಂದು ತೂತಿದ್ದು, ಅದನ್ನು ಮುಚ್ಚಿದ ಬೆರಳನ್ನು ತೆಗೆದರೆ ಗಾಳಿ ಅಲ್ಲಿಂದ ಹೊರಗೋಡಿ ಕೆಳಗಿನಿಂದ ನೀರು ನುಗ್ಗುತ್ತದೆ. ಬ್ಯಾಲಾಸ್ಟ್ ಟ್ಯಾಂಕಿನ ರಚನೆ ಇಷ್ಟೇ. ಅಡಿಯಲ್ಲಿ ಸಮುದ್ರಕ್ಕೆ ತೆರೆದುಕೊಂಡ ದ್ವಾರಗಳು, ನೆತ್ತಿಯಲ್ಲಿ ವೆಂಟ್ ಎಂಬ ಗಾಳಿಯ ವಾಲ್ವುಗಳು. ವೆಂಟ್ ಮುಚ್ಚಿರುವಷ್ಟು ಹೊತ್ತು ಸಬ್‌ಮರೀನು ತೇಲುತ್ತದೆ. ಅದನ್ನು ತೆರೆದರೆ ಗಾಳಿ ಸಿಳ್ಳು ಹಾಕುತ್ತ ಹೊರಬರುತ್ತದೆ, ಸಮುದ್ರ ತಾನಾಗಿ ಒಳಗೆ ಬರುತ್ತದೆ. ಪಂಪು ಬೇಕಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಪಳಗಿದ ಸಿಬ್ಬಂದಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಇಡೀ ಹಡಗನ್ನು ನೀರಿನಡಿಗೆ ಇಳಿಸುತ್ತಿದ್ದರು. ತುರ್ತಾಗಿ ಇಳಿಯಲು ಕುರ್ಸುರಾದಂಥವುಗಳಲ್ಲಿ ಇನ್ನೊಂದು ಚಿಕ್ಕ ಟ್ಯಾಂಕೂ ಇರುತ್ತದೆ. ಅದನ್ನು ತುಂಬಿಸಿದಾಗ ಸಬ್‌ಮರೀನು ಬೇಕಂತಲೇ ಒಂದಿಷ್ಟು ಹೆಚ್ಚು ತೂಕವಾಗಿ ಬೇಗ ಇಳಿಯುತ್ತದೆ; ಇಳಿದ ಮೇಲೆ ಅದರ ನೀರನ್ನು ಗಾಳಿಯೂದಿ ಹೊರಹಾಕುತ್ತಾರೆ.

ಮುಖ್ಯ ಟ್ಯಾಂಕುಗಳು ಪೂರ್ತಿ ತುಂಬಿದ ಮೇಲೆ ಏನಾಯಿತು? ಒಳಗೂ ಸಮುದ್ರದ ನೀರು, ಹೊರಗೂ ಸಮುದ್ರದ ನೀರು. ಒತ್ತಡ ಎರಡೂ ಕಡೆ ಸಮ. ಹೊರಕವಚ ತೆಳುವಾಗಿದ್ದರೂ ನಡೆಯುವುದು ಈ ಕಾರಣಕ್ಕೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ನೀರಿನೊಳಗಿನ ನೀರಿಗೆ ತೂಕವಿಲ್ಲ. ಆ ಐನೂರು ಟನ್ ನೀರು ಈಗ ಸಬ್‌ಮರೀನನ್ನು ಕೆಳಕ್ಕೂ ಎಳೆಯುವುದಿಲ್ಲ, ಮೇಲಕ್ಕೂ ಎತ್ತುವುದಿಲ್ಲ. ಟ್ಯಾಂಕುಗಳಲ್ಲಿದ್ದ ಗಾಳಿ ಕೊಡುತ್ತಿದ್ದ ತೇಲುವ ಬಲ ಹೋಯಿತು, ಅಷ್ಟೇ. ಈಗ ಉಳಿದ ಪ್ರಶ್ನೆ ಒಂದೇ: ಪ್ರೆಷರ್ ಹಲ್ಲೂ ಅದಕ್ಕೆ ಸೇರಿದ ಉಳಿದ ವಸ್ತುಗಳೂ ಎಷ್ಟು ನೀರನ್ನು ಪಕ್ಕಕ್ಕೆ ಸರಿಸಿವೆಯೋ, ಅವುಗಳ ತೂಕ ಆ ನೀರಿನ ತೂಕಕ್ಕೆ ಸರಿಯಾಗಿದೆಯೇ?

ಈ ಟ್ಯಾಂಕುಗಳನ್ನು ಅರ್ಧ ತುಂಬಿಸಿ ಆಳವನ್ನು ಹೊಂದಿಸಲು ಏಕಾಗದು ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 10 ಮೀಟರ್ ಆಳದಲ್ಲಿ ಎರಡು ವಾತಾವರಣ, 30 ಮೀಟರ್ ಆಳದಲ್ಲಿ ನಾಲ್ಕು. 10 ಮೀಟರ್ ಆಳದಲ್ಲಿರುವಾಗ ಟ್ಯಾಂಕುಗಳಲ್ಲಿ 20 ಘನ ಮೀಟರ್ ಗಾಳಿ ಉಳಿದಿದೆ, ಸಬ್‌ಮರೀನು ಸರಿಯಾಗಿ ತೂಗಿ ನಿಂತಿದೆ ಎಂದುಕೊಳ್ಳೋಣ. ಏನೋ ಕಾರಣಕ್ಕೆ ಅದು 30 ಮೀಟರಿಗೆ ಜಾರಿತು. ಒತ್ತಡ ಇಮ್ಮಡಿಯಾಯಿತು, ಗಾಳಿ ಕುಗ್ಗಿ 10 ಘನ ಮೀಟರ್ ಆಯಿತು, ಬಿಟ್ಟ ಜಾಗಕ್ಕೆ ಕೆಳಗಿನ ದ್ವಾರದಿಂದ ಹತ್ತು ಟನ್ ನೀರು ಬಂತು. ಈಗ ಸಬ್‌ಮರೀನು ಹತ್ತು ಟನ್ ಭಾರ. ಭಾರವಾದದ್ದರಿಂದ ಇನ್ನೂ ಇಳಿಯುತ್ತದೆ. ಇಳಿದಂತೆ ಗಾಳಿ ಇನ್ನೂ ಕುಗ್ಗುತ್ತದೆ. ಮೇಲೆ ಜಾರಿದರೂ ಇದೇ ಕತೆ ತಿರುವುಮುರುವಾಗಿ ನಡೆಯುತ್ತದೆ. ಗಾಳಿ ಹಿಗ್ಗಿ, ನೀರನ್ನು ಹೊರದೂಡಿ, ಹಗುರಾದ ಸಬ್‌ಮರೀನು ಮತ್ತಷ್ಟು ವೇಗದಿಂದ ಏರುತ್ತದೆ.

ಆದ್ದರಿಂದ ಮುಖ್ಯ ಬ್ಯಾಲಾಸ್ಟ್ ಟ್ಯಾಂಕುಗಳಿಗೆ ಎರಡೇ ಸ್ಥಿತಿ. ತೇಲುವಾಗ ಖಾಲಿ, ಮುಳುಗಿದಾಗ ಭರ್ತಿ. ಮುಳುಗಿದ ಮೇಲೆ ವೆಂಟುಗಳನ್ನು ಮತ್ತೊಮ್ಮೆ ತೆರೆದು ಮುಚ್ಚಿ, ಮೂಲೆಯಲ್ಲಿ ಅಡಗಿದ ಗಾಳಿಯನ್ನೂ ಹೊರಗೆ ಬಿಡುತ್ತಾರೆ. ಆಮೇಲೆ ವೆಂಟುಗಳನ್ನು ಮುಚ್ಚಿಯೇ ಇಡಬೇಕು. ಅವು ತೆರೆದಿದ್ದರೆ, ಅಪಾಯದ ಹೊತ್ತಿನಲ್ಲಿ ಟ್ಯಾಂಕಿಗೆ ಊದಿದ ಗಾಳಿಯೆಲ್ಲ ನೆತ್ತಿಯಿಂದ ಸೋರಿಹೋಗುತ್ತದೆ.

ಆಳವನ್ನು ಕಾಯುವ ಕೆಲಸ ಹಾಗಾದರೆ ಯಾರದು? ಅದು ಪ್ರೆಷರ್ ಹಲ್ಲಿನ ಒಳಗಿರುವ, ಗಾತ್ರದಲ್ಲಿ ಬಹಳ ಚಿಕ್ಕದಾದ ಇನ್ನೊಂದು ಗುಂಪಿನ ಟ್ಯಾಂಕುಗಳದು. ನಡುಭಾಗದಲ್ಲಿರುವ ಟ್ಯಾಂಕುಗಳಿಗೆ ಸಮುದ್ರದಿಂದ ಅಳೆದು ನೀರು ತುಂಬಬಹುದು, ಪಂಪಿನಿಂದ ಹೊರಹಾಕಬಹುದು. ಒಟ್ಟು ತೂಕ ಹೊಂದುವುದು ಇಲ್ಲಿ. ಮೂತಿಯ ಬಳಿ ಒಂದು, ಬಾಲದ ಬಳಿ ಒಂದು ಟ್ರಿಮ್ ಟ್ಯಾಂಕ್ ಇರುತ್ತವೆ. ಇವೆರಡರ ನಡುವೆ ನೀರು ಓಡಾಡುತ್ತದೆ, ಹೊರಗೆ ಹೋಗುವುದಿಲ್ಲ. ಮುಂದು ಭಾರವಾದರೆ ನೀರನ್ನು ಹಿಂದಕ್ಕೆ ಕಳುಹಿಸುತ್ತಾರೆ, ಹಿಂದು ಭಾರವಾದರೆ ಮುಂದಕ್ಕೆ. ಒಟ್ಟು ತೂಕವೂ ಸರಿ, ಮುಂದು ಹಿಂದಿನ ಸಮತೋಲವೂ ಸರಿ ಎಂಬ ಸ್ಥಿತಿಗೆ ಬಂದಾಗ ಸಬ್‌ಮರೀನು ಟ್ರಿಮ್‌ನಲ್ಲಿದೆ ಎನ್ನುತ್ತಾರೆ.

ಟ್ರಿಮ್ ತಪ್ಪಿದರೆ ಏನಾಗುತ್ತದೆಂದು ಜಗತ್ತಿಗೆ ಬಹಳ ಹಿಂದೆಯೇ ತೋರಿಸಿದ್ದು ಜರ್ಮನಿಯ ಕೀಲ್ ಬಂದರಿನ ಒಂದು ಪ್ರಯೋಗ. ವಿಲ್ಹೆಲ್ಮ್ ಬಾವರ್ ಎಂಬಾತ ಬ್ರಾಂಟ್‌ಟೌಖರ್ ಎಂಬ ಎಂಟು ಮೀಟರ್ ಉದ್ದದ ಸಬ್‌ಮರೀನು ಕಟ್ಟಿದ್ದ. ಹಣ ಸಾಲದೆ ಬ್ಯಾಲಾಸ್ಟ್ ಟ್ಯಾಂಕುಗಳನ್ನು ಕೈಬಿಟ್ಟು, ಮುಳುಗಿಸುವ ನೀರನ್ನು ನೇರವಾಗಿ ಹಡಗಿನ ತಳಕ್ಕೆ ಬಿಡುವ ವ್ಯವಸ್ಥೆ ಮಾಡಿದ್ದರು. 1851ರ ಫೆಬ್ರವರಿ 1ರಂದು ಬಾವರ್ ಮತ್ತಿಬ್ಬರು ಅದರಲ್ಲಿ ಇಳಿದರು. ಬಾಲ ಕೊಂಚ ಕೆಳಗಾಯಿತು. ತಡೆಯಿಲ್ಲದ ನೀರು ಅತ್ತ ಹರಿಯಿತು, ಬಾಲ ಇನ್ನಷ್ಟು ಕೆಳಗಾಯಿತು, ಬಾಲ ಮುಂದಾಗಿ ಸಬ್‌ಮರೀನು ತಳಕ್ಕೆ ಬಿತ್ತು. ಹೊರಗಿನ ಒತ್ತಡಕ್ಕೆ ಬಾಗಿಲು ತೆರೆಯುವಂತಿರಲಿಲ್ಲ. ಒಳಗೂ ಹೊರಗೂ ಒತ್ತಡ ಸಮನಾಗುವವರೆಗೆ ನೀರು ಒಳಬರಲು ಬಿಟ್ಟು ಕಾಯಬೇಕೆಂದು ಬಾವರ್ ಜೊತೆಗಾರರನ್ನು ಒಪ್ಪಿಸಿದ. ಗಂಟೆಗಟ್ಟಲೆ ಕಾದ ಮೇಲೆ ಬಾಗಿಲು ತೆರೆಯಿತು, ಮೂವರೂ ಬದುಕಿ ಮೇಲೆ ಬಂದರು. ಆ ಹಡಗು ಇಂದು ಡ್ರೆಸ್ಡೆನ್ ನಗರದ ಸೇನಾ ಮ್ಯೂಸಿಯಂನಲ್ಲಿದೆ. ಅಂದಿನಿಂದ ಇಂದಿನವರೆಗೂ ಬ್ಯಾಲಾಸ್ಟ್ ನೀರನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕಟ್ಟಿಹಾಕುವುದರ ಹಿಂದಿನ ತರ್ಕ ಇದೇ.

ಸಬ್‌ಮರೀನಿನ ತೂಕ ಒಮ್ಮೆ ಹೊಂದಿಸಿದರೆ ಮುಗಿಯಿತು ಎನ್ನುವಂತಿಲ್ಲ. ಅದು ದಿನವಿಡೀ ಬದಲಾಗುತ್ತಲೇ ಇರುತ್ತದೆ. ಅಧಿಕಾರಿಯೊಬ್ಬರು ಅದರ ಲೆಕ್ಕವನ್ನು ಬರೆದಿಡುತ್ತಾ ಹೋಗಬೇಕು. ಆ ಲೆಕ್ಕದ ಒಂದೆರಡು ಬಾಬತ್ತುಗಳನ್ನು ಬಿಡಿಸಿ ನೋಡಿದರೆ ಎಷ್ಟು ಸೂಕ್ಷ್ಮದ ಕೆಲಸ ಎಂಬುದು ಅರಿವಾಗುತ್ತದೆ.

ಡೀಸೆಲ್ ಉರಿದಂತೆ ಹಡಗು ಹಗುರಾಗಬೇಕು ಎಂದು ಯಾರಾದರೂ ಹೇಳುತ್ತಾರೆ. ಕುರ್ಸುರಾದಂಥ ಸಬ್‌ಮರೀನು ಭಾರವಾಗುತ್ತದೆ! ಇಂಧನದ ಟ್ಯಾಂಕಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ. ಹಾಗಾಗಿ ಡೀಸೆಲ್ ಮೇಲಿನಿಂದ ಖರ್ಚಾದಂತೆ ಕೆಳಗಿನಿಂದ ಸಮುದ್ರದ ನೀರು ಬಂದು ಆ ಜಾಗ ತುಂಬುತ್ತದೆ. ಎಣ್ಣೆ ನೀರಿಗಿಂತ ಹಗುರ, ಮೇಲೆಯೇ ನಿಲ್ಲುತ್ತದೆ. ಒಂದು ಘನ ಮೀಟರ್ ಡೀಸೆಲ್ ಸುಮಾರು 840 ಕಿಲೋ, ಅಷ್ಟೇ ಸಮುದ್ರದ ನೀರು ಸುಮಾರು 1,025 ಕಿಲೋ. ಹತ್ತು ಸಾವಿರ ಲೀಟರ್ ಡೀಸೆಲ್ ಉರಿದರೆ ಸಬ್‌ಮರೀನಿನ ತೂಕ ಹೆಚ್ಚುಕಡಿಮೆ 1,850 ಕಿಲೋ ಏರಿರುತ್ತದೆ. ಅಷ್ಟು ನೀರನ್ನು ನಡುವಿನ ಟ್ಯಾಂಕಿನಿಂದ ಪಂಪು ಮಾಡಿ ಹೊರಹಾಕಬೇಕು. ಊಟದ ಸಾಮಾನಿನ ವಿಷಯ ಬೇರೆ. ಅಕ್ಕಿ ಬೇಳೆ ಉಗ್ರಾಣದಿಂದ ಅಡುಗೆಮನೆಗೆ, ಅಲ್ಲಿಂದ ಹೊಟ್ಟೆಗೆ ಹೋದರೂ ಹಡಗಿನೊಳಗೇ ಇರುತ್ತದೆ. ಕಸವನ್ನೂ ಹೊಲಸು ನೀರನ್ನೂ ಸಮುದ್ರಕ್ಕೆ ಬಿಟ್ಟ ಗಳಿಗೆಯಲ್ಲಷ್ಟೇ ತೂಕ ಇಳಿಯುತ್ತದೆ.

ಜನರ ಓಡಾಟವೂ ಲೆಕ್ಕಕ್ಕೆ ಬರುತ್ತದೆ. ಎಪ್ಪತ್ತು ಕಿಲೋ ತೂಗುವ ಹತ್ತು ಜನ ಮುಂದಿನಿಂದ ಹಿಂದಕ್ಕೆ 40 ಮೀಟರ್ ನಡೆದರೆ ಮೂತಿ ಮೇಲೇಳುತ್ತದೆ. ಎರಡು ಟ್ರಿಮ್ ಟ್ಯಾಂಕುಗಳ ನಡುವೆ 70 ಮೀಟರ್ ಅಂತರವಿದ್ದರೆ, ಇದನ್ನು ಸರಿದೂಗಿಸಲು 400 ಲೀಟರಿನಷ್ಟು ನೀರನ್ನು ಹಿಂದಿನ ಟ್ಯಾಂಕಿನಿಂದ ಮುಂದಿನದಕ್ಕೆ ಕಳುಹಿಸಬೇಕು. ಅಮೆರಿಕದ ಸಬ್‌ಮರೀನುಗಳಲ್ಲಿ ಹೊಸದಾಗಿ ಈ ಜವಾಬ್ದಾರಿ ಹೊತ್ತ ಅಧಿಕಾರಿಯನ್ನು ಕಾಡಿಸಲು ನಾವಿಕರು ಗುಂಪಾಗಿ ಸದ್ದಿಲ್ಲದೆ ಮುಂದಕ್ಕೂ ಹಿಂದಕ್ಕೂ ನಡೆಯುವ ಹಳೆಯ ರೂಢಿಯೊಂದಿದೆ. ಮೂತಿ ಏಕೆ ಏಳುತ್ತಿದೆ, ಏಕೆ ಬೀಳುತ್ತಿದೆ ಎಂದು ತಿಳಿಯದೆ ಆತ ನೀರನ್ನು ಅತ್ತಿಂದಿತ್ತ ತಳ್ಳುತ್ತಿರುತ್ತಾನೆ. ತಮಾಷೆಗೆ ಮಾಡಿದರೂ ಅದರಿಂದ ಕಲಿಯುವುದು ಬಹಳ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಹಡಗಿನಿಂದ ಬರುವುದಲ್ಲ, ಸಮುದ್ರದಿಂದ ಬರುವುದು. ಇದು ನಮ್ಮ ಕಡಲುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆ ಎಲ್ಲ ಸಿಹಿನೀರು ಸುರಿಯುತ್ತವೆ. ಮಳೆಗಾಲದ ನಂತರ ಕೊಲ್ಲಿಯ ಉತ್ತರ ಭಾಗದಲ್ಲಿ ಮೇಲ್ಪದರದ ನೀರಿನ ಉಪ್ಪು ಕಿಲೋಗೆ 30 ಗ್ರಾಮಿಗೂ ಕೆಳಗಿಳಿಯುವುದುಂಟು. ಅದರಡಿಯ ನೀರಿನಲ್ಲಿ ಉಪ್ಪು 34, 35 ಗ್ರಾಮ್. ಅರಬ್ಬೀ ಸಮುದ್ರದ ಬಹುಭಾಗದಲ್ಲಿ ಮೇಲ್ಪದರವೇ 35, 36 ಗ್ರಾಮ್ ಉಪ್ಪಿನದು. ಉಪ್ಪು ಕಡಿಮೆಯಾದರೆ ನೀರು ಹಗುರ, ಹಗುರವಾದ ನೀರು ಎತ್ತಿ ಹಿಡಿಯುವ ಬಲ ಕಡಿಮೆ.

ಕುರ್ಸುರಾದ ಗಾತ್ರದ ಸಬ್‌ಮರೀನು ಉಪ್ಪು 34 ಗ್ರಾಮ್ ಇರುವ ನೀರಿನಿಂದ 31 ಗ್ರಾಮ್ ಇರುವ ನೀರಿಗೆ ಬಂತು ಎನ್ನೋಣ. ಘನ ಮೀಟರಿಗೆ ಸುಮಾರು 2.3 ಕಿಲೋ ವ್ಯತ್ಯಾಸ. ಕೇಳಲು ಅತ್ಯಲ್ಪ. ಆದರೆ ಬ್ಯಾಲಾಸ್ಟ್ ಟ್ಯಾಂಕುಗಳನ್ನು ಬಿಟ್ಟು ಆ ಸಬ್‌ಮರೀನಿನ ಗಾತ್ರ ಸುಮಾರು 1,900 ಘನ ಮೀಟರ್. ಗುಣಿಸಿದರೆ ನಾಲ್ಕು ಟನ್ನಿಗೂ ಹೆಚ್ಚು. ಒಳಗೆ ಒಂದು ಹಿಡಿ ಸಾಮಾನೂ ಸೇರದೆ, ಯಾರೂ ಕದಲದೆ, ಹಡಗು ನಾಲ್ಕು ಟನ್ ಭಾರವಾದಂತೆ. ಬಂಗಾಳ ಕೊಲ್ಲಿಯಲ್ಲಿ ಓಡಾಡುವ ಸಬ್‌ಮರೀನು ಈ ಪದರಗಳ ನಡುವೆ ಹತ್ತಿಳಿಯುವಾಗಲೆಲ್ಲ ಈ ಲೆಕ್ಕ ಎದುರಾಗುತ್ತದೆ. ಇದರಿಂದ ಒಂದು ಅನುಕೂಲವೂ ಉಂಟು. ಹಗುರವಾದ ನೀರಿನಡಿ ಭಾರವಾದ ನೀರಿನ ಪದರ ಬಲವಾಗಿದ್ದರೆ, ಎರಡರ ನಡುವಿನ ತೂಕಕ್ಕೆ ಹೊಂದಿಸಿದ ಸಬ್‌ಮರೀನು ಎಂಜಿನ್ ನಿಲ್ಲಿಸಿ ಆ ಪದರದ ಮೇಲೆ ಕೂತುಬಿಡಬಹುದು. ನಿಜವಾದ ತಳ ಇನ್ನೂ ಸಾವಿರ ಮೀಟರ್ ಕೆಳಗಿದ್ದರೂ ಸರಿ.

ಆಳಕ್ಕೆ ಇಳಿದಂತೆ ಇನ್ನೊಂದು ತೊಡಕು. ಸುತ್ತಲಿನ ಒತ್ತಡಕ್ಕೆ ಉಕ್ಕಿನ ಪ್ರೆಷರ್ ಹಲ್ಲೂ ತುಸು ಕುಗ್ಗುತ್ತದೆ. ಗಾತ್ರ ಕುಗ್ಗಿದಾಗ ಸರಿಸುವ ನೀರು ಕಡಿಮೆಯಾಗಿ ಸಬ್‌ಮರೀನು ಭಾರವಾಗುತ್ತದೆ. ಕೆಳಗಿನ ನೀರು ತಣ್ಣಗಿದ್ದು ಸಾಂದ್ರವಾಗಿದ್ದರೆ ಅದು ಸ್ವಲ್ಪ ಮಟ್ಟಿಗೆ ಇದನ್ನು ತುಂಬಿಕೊಡುತ್ತದೆ. ಇಲ್ಲದಿದ್ದರೆ ಇಳಿದಂತೆಲ್ಲ ನೀರು ಹೊರಹಾಕುತ್ತಲೇ ಹೋಗಬೇಕು.

ಈ ಲೆಕ್ಕಗಳೆಲ್ಲ ಕಾಗದದ ಮೇಲೆ ಎಷ್ಟೇ ಸರಿಯಿದ್ದರೂ ನೂರು ಕಿಲೋ ಅತ್ತಿತ್ತ ಇದ್ದೇ ಇರುತ್ತದೆ. ಆ ಉಳಿಕೆಯನ್ನು ನೋಡಿಕೊಳ್ಳುವುದು ಹೈಡ್ರೋಪ್ಲೇನ್ ಎಂಬ ಅಡ್ಡ ರೆಕ್ಕೆಗಳು. ಮುಂದೆ ಒಂದು ಜೊತೆ, ಹಿಂದೆ ಒಂದು ಜೊತೆ. ಸಬ್‌ಮರೀನು ಮುಂದಕ್ಕೆ ಚಲಿಸುತ್ತಿರುವಾಗ ಈ ರೆಕ್ಕೆಗಳನ್ನು ಓರೆ ಮಾಡಿದರೆ ಹರಿಯುವ ನೀರು ಅವನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆ. ಒಂದು ಆಳದಿಂದ ಇನ್ನೊಂದು ಆಳಕ್ಕೆ ಹೋಗುವುದು ಹೀಗೆಯೇ: ಮೂತಿಯನ್ನು ಕೆಲವು ಡಿಗ್ರಿ ಬಗ್ಗಿಸಿ, ಪ್ರೊಪೆಲ್ಲರಿನ ಬಲದಿಂದ ಇಳಿದು ಹೋಗುವುದು. ಬ್ಯಾಲಾಸ್ಟ್ ಟ್ಯಾಂಕು ಇಲ್ಲಿ ತಲೆ ಹಾಕುವುದೇ ಇಲ್ಲ.

ಟ್ರಿಮ್ ಸರಿಯಿದೆಯೇ ಎಂದು ತಿಳಿಸುವುದೂ ಈ ರೆಕ್ಕೆಗಳೇ. ಇಷ್ಟು ಆಳದಲ್ಲಿರು ಎಂದು ಹೇಳಿದ ಮೇಲೆ ಚಾಲಕ ಯಾವಾಗಲೂ ಮೂತಿಯನ್ನು ತುಸು ಮೇಲೆತ್ತಿಯೇ ಹಿಡಿಯಬೇಕಾಗಿ ಬಂದರೆ ಸಬ್‌ಮರೀನು ಭಾರವಿದೆ ಎಂದರ್ಥ. ತಗ್ಗಿಸಿ ಹಿಡಿಯಬೇಕಾದರೆ ಹಗುರವಿದೆ. ಹಡಗನ್ನು ಮಟ್ಟವಾಗಿಡಲು ಹಿಂದಿನ ರೆಕ್ಕೆಗಳು ಸದಾ ಒಂದೇ ಕಡೆಗೆ ವಾಲಿರಬೇಕಾದರೆ ಮುಂದು ಹಿಂದಿನ ಸಮತೋಲ ತಪ್ಪಿದೆ. ಅನುಭವಿ ಅಧಿಕಾರಿ ಇದನ್ನು ಪರೀಕ್ಷಿಸಲು ವೇಗವನ್ನು ಕಡಿಮೆ ಮಾಡಿಸುತ್ತಾನೆ. ರೆಕ್ಕೆಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗಕ್ಕಿಳಿಯುತ್ತದೆ. ಎಂಟು ಗಂಟಿನ ವೇಗದಲ್ಲಿ ರೆಕ್ಕೆಗಳು ಮುಚ್ಚಿಟ್ಟ ತಪ್ಪು ಎರಡು ಗಂಟಿನ ವೇಗದಲ್ಲಿ ಬಯಲಿಗೆ ಬರುತ್ತದೆ. ಬಂದರು ಬಿಟ್ಟ ಸಬ್‌ಮರೀನು ಸಾಕಷ್ಟು ಆಳದ ನೀರು ಸಿಕ್ಕ ಕೂಡಲೆ ಒಮ್ಮೆ ಮುಳುಗಿ ನಿಧಾನವಾಗಿ ಚಲಿಸುತ್ತ ಟ್ರಿಮ್ ಸರಿಪಡಿಸಿಕೊಳ್ಳುವುದು ಇದಕ್ಕೇ.

ಇದರಲ್ಲಿ ಅತಿ ಕಷ್ಟದ ಜಾಗ ಆಳದಲ್ಲಿಲ್ಲ, ಮೇಲೆಯೇ ಇದೆ. ಪೆರಿಸ್ಕೋಪು ಮಾತ್ರ ಹೊರಗಿಟ್ಟು ಚಲಿಸುವಾಗ ನೆತ್ತಿಯ ಮೇಲಿನ ಅಲೆಗಳು ಸಬ್‌ಮರೀನನ್ನು ಮೇಲಕ್ಕೆ ಹೀರುತ್ತವೆ. ಗೋಪುರ ಹೊರಗೆ ಕಂಡರೆ ಶತ್ರುವಿಗೆ ಗುಟ್ಟು ಬಿಟ್ಟುಕೊಟ್ಟಂತೆ. ಆದ್ದರಿಂದ ಕಡಲು ಒರಟಾಗಿದ್ದಾಗ ಒಂದಿಷ್ಟು ನೀರು ತುಂಬಿಸಿ ಸಬ್‌ಮರೀನನ್ನು ಬೇಕಂತಲೇ ಭಾರವಾಗಿಡುತ್ತಾರೆ. ಅಲೆಗಳ ಕೆಳಗೆ ಇಳಿಯುವಾಗ ಆ ನೀರನ್ನು ಹೊರಹಾಕಲು ಮರೆತರೆ ಹಡಗು ಬೇಕಾದ ಆಳವನ್ನು ದಾಟಿ ಇಳಿಯುತ್ತಲೇ ಹೋಗುತ್ತದೆ.

ಇನ್ನು ಮೇಲೆ ಬರುವುದು. ಟ್ಯಾಂಕಿನ ನೀರನ್ನು ಹೊರದಬ್ಬಲು ಉಕ್ಕಿನ ಬಾಟಲಿಗಳಲ್ಲಿ ಅತಿ ಒತ್ತಡದ ಗಾಳಿ ತುಂಬಿಟ್ಟಿರುತ್ತಾರೆ. ವಾಲ್ವು ತಿರುಗಿಸಿದರೆ ಅದು ಟ್ಯಾಂಕಿನ ನೆತ್ತಿಗೆ ನುಗ್ಗಿ ನೀರನ್ನು ಅಡಿಯ ದ್ವಾರದಿಂದ ಆಚೆ ದೂಡುತ್ತದೆ. ಆದರೆ 90 ಮೀಟರ್ ಆಳದಲ್ಲಿ ನೂರು ಘನ ಮೀಟರ್ ನೀರನ್ನು ಹೊರದಬ್ಬಲು ಬೇಕಾಗುವ ಗಾಳಿ, ಮೇಲ್ಮಟ್ಟದ ಅಳತೆಯಲ್ಲಿ ಸಾವಿರ ಘನ ಮೀಟರ್. 250 ಮೀಟರಿನಲ್ಲಿ 2,600. ಬಾಟಲಿಗಳ ಗಾಳಿಯನ್ನು ಹೀಗೆ ಸುರಿಯುವುದು ದುಂದು. ಅದಕ್ಕೇ ಎಂದಿನ ದಿನಗಳಲ್ಲಿ ಸಬ್‌ಮರೀನು ಎಂಜಿನ್ನಿನ ಬಲದಿಂದ, ರೆಕ್ಕೆಗಳ ಆಸರೆಯಿಂದ ಮೇಲ್ಮಟ್ಟದ ಸಮೀಪಕ್ಕೆ ಏರಿ ಬರುತ್ತದೆ. ಪೆರಿಸ್ಕೋಪಿನಿಂದ ಸುತ್ತಲೂ ನೋಡಿ, ಹಡಗುಗಳಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಬಾಟಲಿಯ ಗಾಳಿಯನ್ನು ಸ್ವಲ್ಪ ಬಿಟ್ಟು ಬೆನ್ನನ್ನು ನೀರಿನಿಂದ ಎತ್ತುತ್ತಾರೆ. ಉಳಿದ ನೀರನ್ನು ಹೊರಹಾಕಲು ಕಡಿಮೆ ಒತ್ತಡದ ಬ್ಲೋವರ್ ಸಾಕು. ಜರ್ಮನ್ ಮತ್ತು ಸೋವಿಯತ್ ಡೀಸೆಲ್ ಸಬ್‌ಮರೀನುಗಳು ಎಂಜಿನ್ನಿನ ಹೊಗೆಯನ್ನೇ ಟ್ಯಾಂಕಿಗೆ ಊದಿ ಈ ಕೆಲಸ ಮುಗಿಸುತ್ತಿದ್ದವು.

ಆಳದಲ್ಲೇ ಪೂರಾ ಬಲದಿಂದ ಗಾಳಿ ಬಿಡುವುದು ಅಪಾಯದ ಗಳಿಗೆಗೆ ಮೀಸಲು. ಒಮ್ಮೆ ಬಿಟ್ಟರೆ ಹಿಂದೆಗೆಯುವಂತಿಲ್ಲ. ಏರಿದಂತೆ ಗಾಳಿ ಹಿಗ್ಗಿ ಉಳಿದ ನೀರನ್ನೂ ದೂಡುತ್ತದೆ, ವೇಗ ಏರುತ್ತಲೇ ಹೋಗುತ್ತದೆ. 2001ರ ಫೆಬ್ರವರಿ 9ರಂದು ಹವಾಯಿ ಬಳಿ ಅಮೆರಿಕದ ಗ್ರೀನ್‌ವಿಲ್ ಸಬ್‌ಮರೀನು ಅತಿಥಿಗಳಿಗೆ ತೋರಿಸಲೆಂದು ಹೀಗೆ ಮೇಲೆದ್ದಾಗ, ಮೀನುಗಾರಿಕೆ ಕಲಿಯುವ ವಿದ್ಯಾರ್ಥಿಗಳಿದ್ದ ಜಪಾನಿನ ಎಹಿಮೆ ಮಾರು ಹಡಗಿನ ಅಡಿಗೆ ಬಡಿಯಿತು. ಹಡಗು ಮುಳುಗಿ ಒಂಬತ್ತು ಜನ ತೀರಿಕೊಂಡರು. ಪೆರಿಸ್ಕೋಪಿನಿಂದ ಸುತ್ತ ನೋಡುವುದನ್ನು ಅವಸರದಲ್ಲಿ ಮುಗಿಸಿದ್ದರು.

ಗಾಳಿ ಬಿಟ್ಟರೂ ಏಳದೇ ಹೋದರೆ? 1963ರ ಏಪ್ರಿಲ್ 10ರ ಬೆಳಿಗ್ಗೆ ಆದದ್ದು ಅದು. ಅಮೆರಿಕದ ಪರಮಾಣು ಸಬ್‌ಮರೀನು ಥ್ರೆಷರ್ ರಿಪೇರಿ ಮುಗಿಸಿ, ಕೇಪ್ ಕಾಡ್‌ನಿಂದ ಪೂರ್ವಕ್ಕೆ ಬಹುದೂರದಲ್ಲಿ ತನ್ನ ಪರೀಕ್ಷಾ ಆಳಕ್ಕೆ ಇಳಿಯುತ್ತಿತ್ತು. ಆ ಆಳ 1,300 ಅಡಿ, ಅಂದರೆ ಸುಮಾರು 400 ಮೀಟರ್. ಮೇಲೆ ಸ್ಕೈಲಾರ್ಕ್ ಎಂಬ ಹಡಗು ಜೊತೆಗಿತ್ತು. 9 ಗಂಟೆ 13 ನಿಮಿಷದ ಹೊತ್ತಿಗೆ ಕೆಳಗಿನಿಂದ ಸಂದೇಶ ಬಂತು: ಸಣ್ಣ ತೊಂದರೆಯಾಗಿದೆ, ಮೂತಿ ಮೇಲಕ್ಕಿದೆ, ಟ್ಯಾಂಕಿಗೆ ಗಾಳಿ ಬಿಡಲು ನೋಡುತ್ತಿದ್ದೇವೆ. ಆಮೇಲೆ ಬಂದದ್ದು ಅಸ್ಪಷ್ಟ ಮಾತುಗಳು, ಕೊನೆಗೆ ಮೈ ಒಡೆದ ಸದ್ದು. 129 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವಶೇಷಗಳು 2,500 ಮೀಟರಿಗೂ ಹೆಚ್ಚಿನ ಆಳದಲ್ಲಿ ಸಿಕ್ಕವು.

ಮೊದಲ ತೊಂದರೆ ಎಂಜಿನ್ ಕೋಣೆಯ ಪೈಪಿನ ಬೆಸುಗೆಯಿಂದ ಬಂತು ಎಂದು ತನಿಖೆ ಹೇಳಿತು. ವಿದ್ಯುತ್ ದೋಷ ಎಂದು ವಾದಿಸುವವರೂ ಇದ್ದಾರೆ. ಆದರೆ ಗಾಳಿಯ ವಿಷಯದಲ್ಲಿ ಸಿಕ್ಕ ಸುಳಿವು ಬಲವಾದದ್ದು. ಅದೇ ವರ್ಗದ ಟಿನೋಸಾ ಎಂಬ ಸಬ್‌ಮರೀನನ್ನು ದಕ್ಕೆಯಲ್ಲೇ ನಿಲ್ಲಿಸಿ ಪೂರಾ ಒತ್ತಡದಲ್ಲಿ ಗಾಳಿ ಬಿಟ್ಟು ನೋಡಿದರು. ಅತಿ ಒತ್ತಡದ ಗಾಳಿ ಒಮ್ಮೆಲೇ ಹಿಗ್ಗಿದಾಗ ಬಹಳ ತಣ್ಣಗಾಗುತ್ತದೆ. ಬಾಟಲಿಯೊಳಗಿನ ಗಾಳಿಯಲ್ಲಿ ತೇವವಿತ್ತು. ಆ ತೇವ ಪೈಪಿನಲ್ಲಿದ್ದ ಜಾಲರಿಯ ಮೇಲೆ ಮಂಜುಗಡ್ಡೆಯಾಗಿ ಕೂತು, ಅರ್ಧ ನಿಮಿಷದ ಹೊತ್ತಿಗೆ ಗಾಳಿಯ ದಾರಿ ಕಟ್ಟಿಹೋಯಿತು. ಆ ಜಾಲರಿಗಳನ್ನು ಹಾಕಿದ್ದು ವಾಲ್ವಿಗೆ ಕಸ ಸೇರದಿರಲೆಂದು!

ಥ್ರೆಷರ್‌ನಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ಜೋಡಿಸಿ ನೋಡಬಹುದು. ರಿಯಾಕ್ಟರ್ ನಿಂತು ಪ್ರೊಪೆಲ್ಲರ್ ಬಲ ಹೋದರೆ ರೆಕ್ಕೆಗಳಿಗೆ ಬಲವಿಲ್ಲ. ಆ ಆಳದಲ್ಲಿ ಹಲ್ ಕುಗ್ಗಿ ಹಡಗು ಆಗಲೇ ಭಾರ; ನೀರು ಒಳಗೆ ಬಂದಿದ್ದರೆ ಮತ್ತೂ ಭಾರ. ಪಂಪಿನಿಂದ ಅಷ್ಟು ಬೇಗ ಹೊರಹಾಕಲಾಗದು. ಉಳಿದದ್ದು ಬಾಟಲಿಯ ಗಾಳಿ. ಅದರ ದಾರಿಯಲ್ಲಿ ಮಂಜುಗಡ್ಡೆ ಕಟ್ಟಿತು. ಇಳಿದಂತೆ ಭಾರ, ಭಾರವಾದಂತೆ ಇಳಿತ.

ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ನೌಕಾಪಡೆ ಸಬ್‌ಸೇಫ್ ಎಂಬ ನಿಯಮಾವಳಿ ತಂದಿತು. ಬಾಟಲಿಗೆ ತುಂಬುವ ಗಾಳಿಯನ್ನು ಒಣಗಿಸುವ ಯಂತ್ರಗಳು ಬಂದವು. ಜಾಲರಿಯನ್ನೂ ಒತ್ತಡ ಇಳಿಸುವ ವಾಲ್ವನ್ನೂ ಬಳಸದೆ ಬಾಟಲಿಯಿಂದ ನೇರವಾಗಿ ಬ್ಯಾಲಾಸ್ಟ್ ಟ್ಯಾಂಕಿಗೆ ಗಾಳಿ ಹೋಗುವ ಪ್ರತ್ಯೇಕ ತುರ್ತು ಮಾರ್ಗವನ್ನು ಕಟ್ಟಿದರು. ಸಮುದ್ರದ ಒತ್ತಡ ತಾಳಬೇಕಾದ ಪ್ರತಿ ಪೈಪು, ಪ್ರತಿ ಬೆಸುಗೆ, ಪ್ರತಿ ವಾಲ್ವಿಗೆ ಅದು ಯಾವ ಲೋಹ, ಯಾರು ಕೂಡಿಸಿದ್ದು, ಯಾರು ಪರೀಕ್ಷಿಸಿದ್ದು ಎಂಬ ದಾಖಲೆ ಕಡ್ಡಾಯವಾಯಿತು. ಥ್ರೆಷರ್ ನಂತರ ಅಮೆರಿಕ ಕಳೆದುಕೊಂಡ ಪರಮಾಣು ಸಬ್‌ಮರೀನು ಒಂದೇ, 1968ರಲ್ಲಿ ಮುಳುಗಿದ ಸ್ಕಾರ್ಪಿಯನ್. ಅದಕ್ಕೆ ಸಬ್‌ಸೇಫ್ ಪ್ರಮಾಣಪತ್ರ ಇನ್ನೂ ಸಿಕ್ಕಿರಲಿಲ್ಲ. ಪ್ರಮಾಣಪತ್ರ ಪಡೆದ ಯಾವ ಸಬ್‌ಮರೀನೂ ಇದುವರೆಗೆ ಸಮುದ್ರದಲ್ಲಿ ಕಳೆದುಹೋಗಿಲ್ಲ.